ಅಪರಿಚಿತರಲ್ಲಿ ಯಾರನ್ನು ಕೇಳಬೇಕು?

"ಮುಂದಿನ ತಿಂಗಳು ಇಬ್ಬರು ಮಕ್ಕಳ ಜೊತೆ ದೊಡ್ಡ ನಿಲ್ದಾಣವೊಂದರಲ್ಲಿ ರೈಲು ಬದಲಿಸಬೇಕಿದೆ. ಆರು ವರ್ಷದ ಮಗನ ಕೈಗೆ ಲೊಕೇಶನ್ ತೋರಿಸುವ ವಾಚ್ ಕಟ್ಟಿದ್ದೇವೆ. ಅಪರಿಚಿತರ ಜೊತೆ ಮಾತಾಡಬೇಡ ಎಂದೂ ಕಲಿಸಿದ್ದೇವೆ. ಇಷ್ಟು ಸಾಕಲ್ಲವೇ?"
– ಓದುಗರೊಬ್ಬರು

ವಾಚ್ ಇರಲಿ, ಬೇಡವೆನ್ನುವುದಿಲ್ಲ. ಆದರೆ ಮಹಡಿಯ ಮೇಲೆ ಮಹಡಿಯಿರುವ ಕಟ್ಟಡದಲ್ಲಿ ಅದರ ಚುಕ್ಕಿಯನ್ನು ನೆಚ್ಚಿ ಕೂರಬೇಡಿ. ಮಗು ಮೇಲಿದೆಯೋ ಕೆಳಗಿದೆಯೋ ಅದು ಹೇಳಲಾರದು.

ನನ್ನ ತಕರಾರಿರುವುದು ಎರಡನೆಯ ಮಾತಿನ ಮೇಲೆ. ತಪ್ಪಿಸಿಕೊಂಡ ಮಗುವಿಗೆ ಸುತ್ತಲಿನವರೆಲ್ಲ ಅಪರಿಚಿತರೇ. ಯಾರೊಂದಿಗೂ ಮಾತಾಡಬೇಡ ಎಂದು ಕಲಿತ ಮಗು ಬಾಯಿ ಬಿಡದೆ ಜನರ ನಡುವೆ ನಡೆಯುತ್ತಲೇ ಹೋಗುತ್ತದೆ, ಯಾರೋ ಮನೆಯವರ ಜೊತೆ ಹೊರಟಿದೆ ಎಂದೇ ನೋಡಿದವರು ತಿಳಿಯುತ್ತಾರೆ. ಅದರ ಬದಲು ಯಾರನ್ನು ಕೇಳಬೇಕೆಂದು ಕಲಿಸಿ. ಮೊದಲು ಕೌಂಟರಿನಲ್ಲಿ ಕೂತವರು, ಗುರುತಿನ ಚೀಟಿ ತೊಟ್ಟ ಸಮವಸ್ತ್ರದ ಸಿಬ್ಬಂದಿ. ಅವರು ಕಾಣದಿದ್ದರೆ ಮಕ್ಕಳ ಜೊತೆಗಿರುವ ತಾಯಿ. ಮಗು ತಾನೇ ಆರಿಸಿ ಕೇಳುವುದಕ್ಕೂ, ತಾವಾಗಿ ಹತ್ತಿರ ಬಂದವರ ಹಿಂದೆ ಹೋಗುವುದಕ್ಕೂ ಅಜಗಜಾಂತರ. ಯಾರೇ ಕರೆದರೂ ನಿಲ್ದಾಣದ ಹೊರಗೆ ಮಾತ್ರ ಹೋಗಬಾರದು. "ಅಮ್ಮಾ" ಎಂದು ಕೂಗಿದರೆ ಹತ್ತು ಜನ ತಿರುಗುತ್ತಾರೆ, ನಿಮ್ಮ ಹೆಸರು ಹಿಡಿದು ಕೂಗಲು ಹೇಳಿಕೊಡಿ. ನಿಮ್ಮ ಫೋನ್ ನಂಬರ್ ಅವನಿಗೆ ಬಾಯಿಪಾಠವಾಗಿರಲಿ.

ಇನ್ನು ಸೇರುವ ಜಾಗ. "ಬಾಗಿಲ ಹತ್ತಿರ" ಎನ್ನಬೇಡಿ, ಬಾಗಿಲುಗಳು ಹಲವು ಇರುತ್ತವೆ. ದೂರದಿಂದ ಕಾಣುವ ಗಡಿಯಾರವನ್ನೋ ವಿಚಾರಣೆ ಕೌಂಟರನ್ನೋ ಆರಿಸಿ. ಅದು ಟಿಕೆಟ್ ಗೇಟಿನ ಈಚೆಗೇ ಇರಬೇಕು. ಗೇಟು ದಾಟಿದ ಮೇಲೆ ಆಚೆ ಬೇರೆಯದನ್ನು ಗೊತ್ತು ಮಾಡಿಕೊಳ್ಳಿ. ಇದು ದೊಡ್ಡ ಮಗುವಿಗೆ. ಆರು ವರ್ಷದವನಿಗೆ ಒಂದೇ ಮಾತು ಸಾಕು: ಕಾಣದಾದರೆ ಅಲ್ಲೇ ನಿಲ್ಲು, ನಾನೇ ಬರುತ್ತೇನೆ. ನಿಮ್ಮಲ್ಲೊಬ್ಬರು ಅವನನ್ನು ಕೊನೆಗೆ ಕಂಡ ಜಾಗ ಬಿಟ್ಟು ಕದಲಬಾರದು. ಇನ್ನೊಬ್ಬರು, ಬೆಳಿಗ್ಗೆ ಹೊರಡುವಾಗ ಅದೇ ಬಟ್ಟೆಯಲ್ಲಿ ತೆಗೆದ ಫೋಟೋ ಹಿಡಿದು ಸಿಬ್ಬಂದಿಯ ಬಳಿ ಓಡಬೇಕು.

ಹೆಚ್ಚಿನವರು ಯೋಚಿಸದ ಸಂದರ್ಭ ರೈಲಿನ ಬಾಗಿಲಿನದು. ಮಗ ಹತ್ತಿದ, ನೀವು ಚೀಲ ಎತ್ತುವಷ್ಟರಲ್ಲಿ ಬಾಗಿಲು ಮುಚ್ಚಿತು ಎನ್ನಿ. ನೀವು ಕೂಡಲೇ ಸಿಬ್ಬಂದಿಗೆ ಹೇಳಿ. ಅವರು ಮುಂದಿನ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸಬಲ್ಲರು. ಅವನು ಮುಂದಿನ ನಿಲ್ದಾಣದಲ್ಲಿ ಇಳಿದು ಆ ಪ್ಲಾಟ್‌ಫಾರ್ಮಿನಲ್ಲೇ ನಿಲ್ಲಬೇಕು. ನೀವೇ ಒಳಗೆ ಸಿಕ್ಕಿ ಅವನು ಕೆಳಗುಳಿದರೆ, ಅವನು ಕದಲಬಾರದು, ನೀವು ಇಳಿದು ವಾಪಸ್ ಬರಬೇಕು. ಇಬ್ಬರೂ ಹುಡುಕಲು ಹೊರಟರೆ ಎದುರುಬದುರು ರೈಲುಗಳಲ್ಲಿ ದಾಟಿ ಹೋಗುತ್ತೀರಿ.

ಇಷ್ಟೆಲ್ಲ ಹೇಳುವಾಗಲೂ ನನಗೆ ಸಂಕಟವಾಗುವುದು ಆ ಕೌಂಟರುಗಳನ್ನು ನೆನೆದು. ಒಮ್ಮೆ ನೋಡಿದ್ದೇನೆ: ಹುಡುಗಿಯೊಬ್ಬಳು ತುದಿಗಾಲಲ್ಲಿ ನಿಂತು ಕಟ್ಟೆಗೆ ಬೆರಳು ತಾಕಿಸುತ್ತಿದ್ದಳು, ಒಳಗಿದ್ದವರಿಗೆ ಅವಳ ತಲೆಯೂ ಕಾಣಲಿಲ್ಲ. ಈಗ ಎಷ್ಟೋ ಕಡೆ ಆ ಕಟ್ಟೆಯೂ ಹೋಗಿ ಟಿಕೆಟ್ ಯಂತ್ರ ಬಂದಿದೆ. ಅಳುವ ಮಗು ಯಂತ್ರಕ್ಕೆ ಏನು ಹೇಳಬೇಕು? ನೀವು ಹೋಗುವ ನಿಲ್ದಾಣದಲ್ಲಿ ಮನುಷ್ಯರು ಕೂರುವ ಕೌಂಟರ್ ಎಲ್ಲಿದೆ ಎಂದು ಮೊದಲೇ ವಿಚಾರಿಸಿ. ಇಲ್ಲವೆಂದರೆ ನಿಲ್ದಾಣದವರಿಗೊಂದು ಪತ್ರ ಬರೆದು ನಕಲು ನನಗೆ ಕಳಿಸಿ. ಅಚ್ಚು ಹಾಕುತ್ತೇನೆ.

– ಸಂ.