ಇನ್‌ಸ್ಟಾಗ್ರಾಂಗೋ, ಅಪಾರ್ಟ್‌ಮೆಂಟ್ ಸ್ಟಾಲ್‌ಗೋ?

ಗಾಣದೆಣ್ಣೆ ಮಾರುವ ಮಹಿಳೆಯೊಬ್ಬರು ಸಲಹೆಗೆ ಬಂದಿದ್ದರು. ಗುರುತು ಸಿಗದಂತೆ ವಿವರ, ಅಂಕಿ ಎರಡನ್ನೂ ಬದಲಿಸಿದ್ದೇನೆ. ಅವರಿಗೆ ಹೊಸ ಗ್ರಾಹಕರು ಬರುವುದು ಎರಡು ಕಡೆಯಿಂದ: ಇನ್‌ಸ್ಟಾಗ್ರಾಂ ಜಾಹೀರಾತು ಮತ್ತು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಭಾನುವಾರ ಹಾಕುವ ಸ್ಟಾಲ್. "ಸರ್, ಇನ್‌ಸ್ಟಾಗ್ರಾಂನಲ್ಲಿ ಒಬ್ಬ ಗ್ರಾಹಕರಿಗೆ 200 ರೂಪಾಯಿ ಬೀಳುತ್ತೆ, ಸ್ಟಾಲ್‌ನಲ್ಲಿ 600. ಸ್ಟಾಲ್ ನಿಲ್ಲಿಸಿ ಆ ದುಡ್ಡನ್ನೂ ಜಾಹೀರಾತಿಗೇ ಹಾಕಿಬಿಡ್ಲಾ?"

ಹೋದ ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಸೇರಿದ ಗ್ರಾಹಕರ ಬಿಲ್ಲುಗಳನ್ನಷ್ಟೇ ತರಲು ಹೇಳಿದೆ. ಮೊನ್ನೆ ಸೇರಿದವರ ಮನೆಯಲ್ಲಿ ಮೊದಲ ಬಾಟಲಿಯೇ ಮುಗಿದಿರುವುದಿಲ್ಲ. ಅವರು ಮತ್ತೆ ಬರುತ್ತಾರೋ ಇಲ್ಲವೋ ಎಂದು ಈಗಲೇ ಲೆಕ್ಕ ಹಾಕಲಾಗದು.

ಆ ಮೂರು ತಿಂಗಳಲ್ಲಿ ಜಾಹೀರಾತಿಗೆ 48,000 ಹೋಗಿತ್ತು, ಆ್ಯಪ್ ತೋರಿಸಿದ್ದು 240 ಆರ್ಡರ್. ಫೋನ್ ನಂಬರ್ ಹೊಂದಿಸಿ ನೋಡಿದರೆ 40 ಆರ್ಡರ್ ಹಳೇ ಗ್ರಾಹಕರದ್ದೇ. ಇನ್ನು 40 ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್‌ಗಳು ಬಾಗಿಲಿಗೆ ಹೋಗಿ ವಾಪಸ್ ಬಂದಿದ್ದವು. ಉಳಿದ ಹೊಸಬರು 160, ತಲಾ 300 ರೂಪಾಯಿ. ಮೊದಲ ಆರ್ಡರ್‌ಗೆ ಕೊಟ್ಟ 100 ರೂಪಾಯಿ ರಿಯಾಯಿತಿಯೂ ಗ್ರಾಹಕರನ್ನು ತರಲು ಮಾಡಿದ ಖರ್ಚೇ, ಒಟ್ಟು 400. ಸ್ಟಾಲ್ ಲೆಕ್ಕವೂ ಪೂರ್ತಿ ಇರಲಿಲ್ಲ. ಸಹಾಯಕ್ಕೆ ಬರುವ ಹುಡುಗಿಯ ಕೂಲಿ, ಆಟೋ ಬಾಡಿಗೆ ಬಿಟ್ಟುಹೋಗಿತ್ತು. ಸೇರಿಸಿದಾಗ 12 ಸ್ಟಾಲ್‌ಗೆ 45,000, ಹೊಸಬರು 60, ತಲಾ 750.

"ನೋಡಿ, ಸ್ಟಾಲೇ ದುಬಾರಿ" ಎಂದರು. ಅವರ ಮಾತು ತಪ್ಪಲ್ಲ, ಆದರೆ ಲೆಕ್ಕದ ಇನ್ನೊಂದು ಬದಿ ಬಾಕಿಯಿತ್ತು. ಕಡಲೆಕಾಯಿ, ಗಾಣದ ಕೂಲಿ, ಬಾಟಲಿ, ಕೊರಿಯರ್ ಎಲ್ಲ ಕಳೆದು ಅವರಿಗೆ ಆರ್ಡರ್‌ಗೆ 220 ರೂಪಾಯಿ ಉಳಿಯುತ್ತದೆ. ಗ್ರಾಹಕರ ಮೌಲ್ಯ ಅಳೆಯಬೇಕಾದ್ದು ಈ 220ರಿಂದ, ಬಿಲ್ ಮೊತ್ತದಿಂದಲ್ಲ. ಇನ್‌ಸ್ಟಾಗ್ರಾಂನಿಂದ ಬಂದವರು ವರ್ಷದಲ್ಲಿ ಸರಾಸರಿ ಒಂದೂವರೆ ಸಲ ಕೊಂಡಿದ್ದರು: 330 ಬಂತು, 400 ಹೋಯಿತು. ರುಚಿ ನೋಡಿ, ಮಾತಾಡಿಸಿ ಕೊಂಡ ಸ್ಟಾಲ್ ಗ್ರಾಹಕರು ಏಳು ಸಲ ಕೊಂಡಿದ್ದರು: 1,540. ಖರ್ಚಿನ ಮೂರು ಪಟ್ಟು ಬರಬೇಕು ಅನ್ನುವ ವಾಡಿಕೆಯ ಮಾತೊಂದಿದೆ. ಇಲ್ಲಿ ಬಂದಿದ್ದು ಎರಡು ಪಟ್ಟು ಚಿಲ್ಲರೆ. ಅದು ಒಂದೇ ವರ್ಷದ್ದು, ಕಣ್ಣೆದುರಿನ ಬಿಲ್ಲಿನದ್ದು. ಐದು ವರ್ಷ ಕೊಳ್ಳುತ್ತಾರೆಂದು ಊಹಿಸಿ ಗುಣಿಸಿದರೆ ಯಾವ ದಾರಿಯೂ ಲಾಭದ್ದಾಗಿಯೇ ಕಾಣುತ್ತದೆ.

ಹಾಗೆಂದು ಸ್ಟಾಲ್‌ಗೆ ದುಡ್ಡು ಸುರಿಯಿರಿ ಎನ್ನಲಿಲ್ಲ. 750 ವಾಪಸಾಗುವುದು ನಾಲ್ಕನೇ ಆರ್ಡರ್‌ಗೆ, ಅವರು ಕೊಳ್ಳುವ ವೇಗದಲ್ಲಿ ಸುಮಾರು ಐದು ತಿಂಗಳಿಗೆ. ಅಷ್ಟು ಕಾಲ ಕೈಯಿಂದ ಹಾಕಬೇಕು. ಮೇಲಾಗಿ, ಒಳ್ಳೆಯ ಅಪಾರ್ಟ್‌ಮೆಂಟ್‌ಗಳನ್ನು ಅವರು ಈಗಾಗಲೇ ಆರಿಸಿಕೊಂಡಾಗಿದೆ. ಹೊಸದರಲ್ಲೂ ಐದೈದು ಜನ ಸಿಗುತ್ತಾರೆ ಎನ್ನುವಂತಿಲ್ಲ.

ಕೊಟ್ಟ ಸಲಹೆ ಇಷ್ಟು: ಜಾಹೀರಾತನ್ನು ಅರ್ಧಕ್ಕಿಳಿಸಿ, ಹಳೇ ಗ್ರಾಹಕರ ನಂಬರ್‌ಗಳನ್ನು ಅದರಿಂದ ಹೊರಗಿಡಿ, ಮೊದಲ ಆರ್ಡರ್‌ಗೆ ಕ್ಯಾಶ್ ಆನ್ ಡೆಲಿವರಿ ಬೇಡ. ಉಳಿದ ದುಡ್ಡಲ್ಲಿ ಎರಡು ಹೊಸ ಅಪಾರ್ಟ್‌ಮೆಂಟ್ ಹಿಡಿಯಿರಿ, ಅವುಗಳ ಲೆಕ್ಕ ಹಳೆಯದರ ಸರಾಸರಿಯಲ್ಲಿ ಬೆರೆಸದೆ ಬೇರೆ ಬರೆಯಿರಿ. ಒಂದು ಸ್ಟಾಲ್‌ಗೆ 3,750 ಖರ್ಚು. ಮೂವರು ಹೊಸಬರು ಸಿಕ್ಕರೆ ತಲಾ 1,250, ಆರನೇ ಆರ್ಡರ್‌ಗೆ ಹೇಗೋ ಗಿಟ್ಟುತ್ತದೆ. ಇಬ್ಬರೇ ಆದರೆ 1,875; ಆ ಅಪಾರ್ಟ್‌ಮೆಂಟ್ ಬಿಟ್ಟುಬಿಡಿ.