ಮಗಳ ಮೊದಲ ಭರತನಾಟ್ಯದ ರೀಲ್‌ಗೆ ಕ್ಯಾಪ್ಷನ್, ಹ್ಯಾಶ್‌ಟ್ಯಾಗ್ ಏನು ಹಾಕಲಿ?

*ಮಗಳಿಗೆ 14 ವರ್ಷ. ಹೋದ ಭಾನುವಾರ ಡಾನ್ಸ್ ಕ್ಲಾಸಿನ ವಾರ್ಷಿಕೋತ್ಸವದಲ್ಲಿ ಮೊದಲ ಸಲ ಸ್ಟೇಜ್ ಹತ್ತಿದಳು. ಇನ್ನೂ ಮೂವರು ಹುಡುಗಿಯರ ಜೊತೆ ತಿಶ್ರ ಅಲರಿಪ್ಪು ಮಾಡಿದಳು. ಈಗ ಇನ್‌ಸ್ಟಾದಲ್ಲಿ ರೀಲ್ ಹಾಕ್ಬೇಕಂತೆ. "ಮೈ ಅರಂಗೇಟ್ರಂ" ಅಂತ ಬರೆದು ಒಂದು ರಾಶಿ ಹ್ಯಾಶ್‌ಟ್ಯಾಗ್ ಹಾಕೋಣ ಅಂತಿದಾಳೆ. ಒಳ್ಳೆ ಕ್ಯಾಪ್ಷನ್, ಹ್ಯಾಶ್‌ಟ್ಯಾಗ್ ಹೇಳ್ತೀರಾ?*

ನಾನು ಭರತನಾಟ್ಯ ಕಲಿತವಳು. ಈಗ ನಮ್ಮ ಕ್ಲಾಸಿನ ಇನ್‌ಸ್ಟಾ ಪೇಜನ್ನೂ ನಾನೇ ನೋಡಿಕೊಳ್ಳುತ್ತೇನೆ. ಮೊದಲು ಆ "ಅರಂಗೇಟ್ರಂ" ತೆಗೆಸಿ. ಅರಂಗೇಟ್ರಂ, ಅಂದರೆ ನಮ್ಮ ಕಡೆಯ ರಂಗಪ್ರವೇಶ, ಒಬ್ಬಳೇ ನಿಂತು ಇಡೀ ಮಾರ್ಗವನ್ನು ಮಾಡಿ ತೋರಿಸುವ ಕಾರ್ಯಕ್ರಮ. ಅಲರಿಪ್ಪು, ಜತಿಸ್ವರ, ಶಬ್ದ, ವರ್ಣ, ಪದ, ತಿಲ್ಲಾನ ಎಲ್ಲ ಬರಬೇಕು. ವರ್ಣ ಒಂದೇ ಅರ್ಧ ಗಂಟೆ ಹಿಡಿಯುತ್ತದೆ. ನಿಮ್ಮ ಮಗಳು ಮಾಡಿದ್ದು ಮೊದಲ ಸ್ಟೇಜ್ ಪ್ರೋಗ್ರಾಂ. ಅದನ್ನು ಹಾಗೇ ಬರೆದರೆ ಏನೂ ಕಡಿಮೆಯಾಗುವುದಿಲ್ಲ. ಅರಂಗೇಟ್ರಂ ಅಂತ ಬರೆದರೆ ಮಾತ್ರ ನೋಡಿದ ಡಾನ್ಸರ್‌ಗಳು ಹುಬ್ಬೇರಿಸುತ್ತಾರೆ, ಅವಳ ಗುರುಗಳಿಗೂ ಮುಜುಗರ. ಮುಂದೆ ನಿಜವಾದ ರಂಗಪ್ರವೇಶ ಆದಾಗ ಬರೆಯಲು ಆ ಪದ ಉಳಿದಿರಲಿ. ಗೆಜ್ಜೆ ಪೂಜೆ ಅಂತಲೂ ಅಷ್ಟೇ, ಅದನ್ನು ಬೇರೆಯಾಗಿ ಮಾಡಿದ್ದರೆ ಮಾತ್ರ ಬರೆಯಿರಿ.

ಕ್ಯಾಪ್ಷನ್‌ಗೆ ಬಂದರೆ, ರೀಲ್ ಓಡುವಾಗ ಕೆಳಗೆ ಕಾಣುವುದು ಮೊದಲ ಸಾಲು ಅಷ್ಟೇ, ಅದೂ ಪೂರ್ತಿ ಅಲ್ಲ. ಉಳಿದದ್ದನ್ನು ಒತ್ತಿ ತೆರೆಯಬೇಕು. ಹಾಗಾಗಿ ಏನು ನೃತ್ಯ, ಏನು ಸಂದರ್ಭ ಅನ್ನೋದು ಮೊದಲ ಏಳೆಂಟು ಪದಗಳಲ್ಲೇ ಬಂದುಬಿಡಬೇಕು. ಗೂಗಲ್‌ನಲ್ಲಿ ಸಿಗುವ "ನೃತ್ಯವೇ ಆತ್ಮದ ಭಾಷೆ" ತರಹದ ಸಾಲು ಬೇಡ. ಇನ್ನೊಂದು, ಎಲ್ಲರೂ ಹಾಕುವ ಶ್ಲೋಕ ಇದೆಯಲ್ಲ, ಅಭಿನಯದರ್ಪಣದ "ಯತೋ ಹಸ್ತಸ್ತತೋ ದೃಷ್ಟಿಃ". ಶ್ಲೋಕ ಚೆನ್ನಾಗಿದೆ, ಆದರೆ ಅದು ಕೈಯಿಂದ ಹೊರಟು ಭಾವ, ರಸದವರೆಗೆ ಹೋಗುತ್ತದೆ. ಅಲರಿಪ್ಪು ಶುದ್ಧ ನೃತ್ತ. ಅದರಲ್ಲಿ ಕಥೆಯೂ ಇಲ್ಲ, ಅಭಿನಯವೂ ಇಲ್ಲ. ಮುಂದೆ ಅವಳು ಅಭಿನಯ ಇರುವ ಪದ ಮಾಡಿದಾಗ ಹಾಕಲಿ.

ಅದರ ಬದಲು ಅವಳಿಗೆ ಮಾತ್ರ ಗೊತ್ತಿರುವ ಒಂದು ಸಣ್ಣ ವಿಷಯ ಬರೆಯಲು ಹೇಳಿ. ಪರದೆ ಹಿಂದೆ ಏನಾಯ್ತು, ಯಾವ ಜಾಗದಲ್ಲಿ ಭಯ ಆಯ್ತು, ತಲೆಸಾಮಾನು ಎಲ್ಲಿ ಚುಚ್ಚುತ್ತಿತ್ತು. ಅಲರಿಪ್ಪು ಮಾಡಿದವರಿಗೆಲ್ಲ ಪೂರ್ಣ ಮಂಡಿಯ ಭಾಗದಲ್ಲಿ ತೊಡೆ ಉರಿಯುವುದು ಗೊತ್ತು. ಅದನ್ನೇ ಬರೆದರೆ ಕಾಮೆಂಟ್ ತಾನಾಗೇ ಬರುತ್ತದೆ. ಒಂದು ಮಾದರಿ ಹೀಗಿರಬಹುದು:

> ಗೆಜ್ಜೆ ಕಟ್ಟಿ ಮೊದಲ ಸಲ ಸ್ಟೇಜ್ ಮೇಲೆ. ತಿಶ್ರ ಅಲರಿಪ್ಪು.
> ಪೂರ್ಣ ಮಂಡಿಯಲ್ಲಿ ಕಾಲು ನಡುಗಿದ್ದು ನಿಮಗೆ ಕಂಡಿದ್ದರೆ ದಯವಿಟ್ಟು ಹೇಳ್ಬೇಡಿ!
> ಗುರು ಮತ್ತು ನಟ್ಟುವಾಂಗ: (ಹೆಸರು)
> ಮೃದಂಗ: (ಹೆಸರು)
> ಜೊತೆಗೆ ಕುಣಿದವರು: (ಮೂವರ ಹೆಸರು)
> ವಿಡಿಯೊ: ಅಮ್ಮ

ಹೆಸರುಗಳ ಭಾಗವನ್ನು ಬಿಡಲೇಬೇಡಿ. ನಮ್ಮ ಲೋಕದಲ್ಲಿ ಮನಸ್ತಾಪ ಆಗುವುದು ಅಲ್ಲೇ. ಗುರುಗಳ ಹೆಸರು ಮೊದಲು, ನಟ್ಟುವಾಂಗ, ಅಂದರೆ ತಾಳ ಹಾಕಿ ಸೊಲ್ಲು ಹೇಳುವುದನ್ನು, ಬೇರೆಯವರು ಮಾಡಿದ್ದರೆ ಅವರದ್ದು ಪ್ರತ್ಯೇಕವಾಗಿ, ಆಮೇಲೆ ಪಕ್ಕವಾದ್ಯದವರು. ರೆಕಾರ್ಡ್ ಹಾಕಿ ಕುಣಿದಿದ್ದರೆ ಮೃದಂಗದ ಸಾಲು ಬೇಕಾಗಿಲ್ಲ. ಅಲರಿಪ್ಪುವನ್ನು ಸಾಮಾನ್ಯವಾಗಿ ಹಾಡಿಲ್ಲದೆ ಬರೀ ಸೊಲ್ಲುಕಟ್ಟಿಗೆ, ಅಂದರೆ ಬಾಯಲ್ಲಿ ಹೇಳುವ ತಾಳದ ಸೊಲ್ಲುಗಳಿಗೆ ಮಾಡುತ್ತಾರೆ. ನಿಮ್ಮಲ್ಲೂ ಹಾಗೇ ಇದ್ದರೆ ರಾಗದ ಹೆಸರು ಹುಡುಕಲು ಹೋಗಬೇಡಿ. ಯಾರ ಹೆಸರಾದರೂ ಬಿಟ್ಟುಹೋದರೆ ಗಾಬರಿ ಬೇಡ, ಪೋಸ್ಟ್ ಆದಮೇಲೂ ಕ್ಯಾಪ್ಷನ್ ತಿದ್ದಬಹುದು. ಆ ಮೂವರು ಹುಡುಗಿಯರ ಅಪ್ಪ ಅಮ್ಮನಿಗೆ ಮಾತ್ರ ಮೊದಲೇ ಒಂದು ಮಾತು ಕೇಳಿ. ಅವರ ಮಕ್ಕಳೂ ರೀಲ್‌ನಲ್ಲಿದ್ದಾರೆ, ಅಲ್ವಾ? ಹೆಸರು ಬೇಡ ಅಂದರೆ "ನನ್ನ ಗೆಳತಿಯರು" ಸಾಕು.

ಹ್ಯಾಶ್‌ಟ್ಯಾಗ್‌ಗಿಂತ ಮೊದಲು ನೋಡಬೇಕಾದ್ದು ಯಾರ ಅಕೌಂಟ್ ಅನ್ನೋದು. 2024ರಿಂದ ಇನ್‌ಸ್ಟಾಗ್ರಾಂ 18ರ ಒಳಗಿನವರಿಗೆ ಟೀನ್ ಅಕೌಂಟ್ ತರುತ್ತಿದೆ. ಅದು ತಾನಾಗೇ ಪ್ರೈವೇಟ್ ಆಗಿರುತ್ತದೆ. 16ರ ಒಳಗಿನವರು ಆ ಸೆಟ್ಟಿಂಗ್ ಸಡಿಲಿಸಬೇಕೆಂದರೆ ದೊಡ್ಡವರ ಒಪ್ಪಿಗೆ ಬೇಕು. ಪ್ರೈವೇಟ್ ಅಕೌಂಟಿನ ರೀಲ್ ಅವಳ ಫಾಲೋವರ್‌ಗಳಿಗೆ ಮಾತ್ರ ಕಾಣುತ್ತದೆ. ಎಷ್ಟು ಹ್ಯಾಶ್‌ಟ್ಯಾಗ್ ಹಾಕಿದರೂ ಹೊರಗಿನವರಿಗೆ ಕಾಣುವುದಿಲ್ಲ. ಗುರುಗಳನ್ನು ಮೆನ್ಷನ್ ಮಾಡಿದರೂ, ಅವರು ಅವಳನ್ನು ಫಾಲೋ ಮಾಡದಿದ್ದರೆ ಅವರಿಗೂ ರೀಲ್ ತೆರೆಯಲ್ಲ. "ಮಿಸ್ ನನ್ನ ರೀಲ್ ನೋಡೇ ಇಲ್ಲ" ಅಂತ ನಮ್ಮ ಕ್ಲಾಸಿನ ಹುಡುಗಿಯರು ಬೇಜಾರು ಮಾಡಿಕೊಳ್ಳುವುದು ಬಹಳ ಸಲ ಇದೇ ಕಾರಣಕ್ಕೆ.

ನನ್ನನ್ನು ಕೇಳಿದರೆ ಅವಳ ಅಕೌಂಟ್ ಪ್ರೈವೇಟ್ ಆಗೇ ಇರಲಿ. ಹ್ಯಾಶ್‌ಟ್ಯಾಗ್ ಇಲ್ಲದೆ ಹಾಕಲಿ. ಗೆಳತಿಯರು, ಅತ್ತೆ, ಚಿಕ್ಕಮ್ಮ ಎಲ್ಲ ಹೇಗಿದ್ದರೂ ಅಲ್ಲೇ ಇರುತ್ತಾರೆ. ಜಾಸ್ತಿ ಜನ ನೋಡಬೇಕು ಅಂತಿದ್ದರೆ ಅದೇ ವಿಡಿಯೊವನ್ನು ಕ್ಲಾಸಿನ ಪೇಜ್‌ನಲ್ಲೋ ನಿಮ್ಮ ಪಬ್ಲಿಕ್ ಅಕೌಂಟ್‌ನಲ್ಲೋ ಹಾಕಿ. ಹ್ಯಾಶ್‌ಟ್ಯಾಗ್ ಉಪಯೋಗಕ್ಕೆ ಬರುವುದು ಅಲ್ಲಿ:

> #ಭರತನಾಟ್ಯ #bharatanatyam #bharathanatyam #alarippu

ನಾಲ್ಕೇ ಸಾಕು. ಎರಡು ಸ್ಪೆಲ್ಲಿಂಗ್ ಯಾಕೆ ಅಂದರೆ ದಕ್ಷಿಣದಲ್ಲಿ ಎಷ್ಟೋ ಜನ ತ ಅಕ್ಷರಕ್ಕೆ th ಅಂತಲೇ ಟೈಪ್ ಮಾಡುತ್ತಾರೆ. ಹ್ಯಾಶ್‌ಟ್ಯಾಗ್ ಮಧ್ಯೆ ಸ್ಪೇಸ್ ಬಂದರೆ ಅಲ್ಲಿಗೆ ಕತ್ತರಿಸಿಹೋಗುತ್ತದೆ. `#first stage` ಅಂತ ಬರೆದರೆ ಆಗುವುದು ಬರೀ `#first`. ಕನ್ನಡದಲ್ಲಿ ಟೈಪ್ ಮಾಡಿದಾಗ ಪೋಸ್ಟ್ ಆದಮೇಲೆ ಒಮ್ಮೆ ನೋಡಿ. ಇಡೀ ಪದ ಬಣ್ಣ ಬದಲಿಸಿದೆಯಾ, ಒತ್ತಿದರೆ ಬೇರೆ ಭರತನಾಟ್ಯದ ಪೋಸ್ಟ್‌ಗಳು ತೆರೆಯುತ್ತವಾ ಅಂತ.

`#viral`, `#explore` ಹಾಕಿ ಏನೂ ಪ್ರಯೋಜನವಿಲ್ಲ. `#cutegirl`, `#teengirl` ತರಹದ್ದಂತೂ ಖಂಡಿತ ಬೇಡ. ಅವುಗಳನ್ನು ಹುಡುಕಿಕೊಂಡು ಬರುವವರು ಅಲರಿಪ್ಪು ನೋಡಲು ಬರುವವರಲ್ಲ. ಸ್ಕೂಲಿನ ಹೆಸರು, ಏರಿಯಾ, ಕ್ಲಾಸಿನ ಲೊಕೇಷನ್ ಹಾಕಬೇಡಿ. ಲೊಕೇಷನ್ ಬೇಕೇ ಬೇಕು ಅಂದರೆ ಊರಿನ ಹೆಸರು ಸಾಕು. ಸ್ಪಾಮ್ ಕಾಮೆಂಟ್ ಬಂದರೆ ಉತ್ತರ ಕೊಡದೆ ಡಿಲೀಟ್ ಮಾಡಿ ಬ್ಲಾಕ್ ಮಾಡಿ.

ವಿಡಿಯೊ ಕತ್ತರಿಸುವಾಗ ಒಂದು ವಿಷಯ ಗಮನಿಸಿ. ರೀಲ್‌ನ ಕೆಳಭಾಗದಲ್ಲಿ ಅಕೌಂಟ್ ಹೆಸರು, ಕ್ಯಾಪ್ಷನ್, ಹಾಡಿನ ಹೆಸರು ಕೂತಿರುತ್ತವೆ. ಮಗಳನ್ನು ಫ್ರೇಮ್ ತುಂಬ ಹಿಗ್ಗಿಸಿದರೆ ಗೆಜ್ಜೆ ಕಾಲು ಸರಿಯಾಗಿ ಆ ಅಕ್ಷರಗಳ ಹಿಂದೆ ಹೋಗುತ್ತದೆ. ಕಾಲೇ ಕಾಣದ ಭರತನಾಟ್ಯ ನೋಡಿ ಏನು ಮಾಡೋದು? ಪಾದದ ಕೆಳಗೆ ಫ್ರೇಮಿನ ಸುಮಾರು ಕಾಲು ಭಾಗ ಸ್ಟೇಜ್ ನೆಲ ಬಿಡಿ. ಅಗಲಕ್ಕೂ ಜಾಗ ಬೇಕು, ಇಲ್ಲದಿದ್ದರೆ ನಾಟ್ಯಾರಂಭದಲ್ಲಿ ಚಾಚಿದ ಕೈಗಳು ತುಂಡಾಗುತ್ತವೆ. ಅಲರಿಪ್ಪು ಶುರುವಾಗುವುದು ಸಮಪಾದದಲ್ಲಿ ನಿಂತು ಕಣ್ಣು, ಕತ್ತಿನ ಚಲನೆಯಿಂದ. ಸಭಾಂಗಣದ ಹಿಂದಿನ ಸೀಟಿನಿಂದ ತೆಗೆದ ವಿಡಿಯೊದಲ್ಲಿ ಅದು ಕಾಣುವುದೇ ಇಲ್ಲ, ಸುಮ್ನೆ ನಿಂತ ಹಾಗೆ ಇರುತ್ತದೆ. ಹಾಗಾಗಿ ಅರೆಮಂಡಿಗೆ ಕೂತ ಮೇಲಿನ ಭಾಗದಿಂದ ಮೂವತ್ತು ನಲವತ್ತು ಸೆಕೆಂಡ್ ತೆಗೆದುಕೊಳ್ಳಿ, ನೃತ್ಯ ಮುಗಿಸುವ ಹೆಜ್ಜೆಗಳ ಕೊನೆಯ ತೀರ್ಮಾನ ಸಿಕ್ಕರೆ ಇನ್ನೂ ಒಳ್ಳೆಯದು. ಅದರ ಮೇಲೆ ಟ್ರೆಂಡಿಂಗ್ ಹಾಡು ಅಂಟಿಸಬೇಡಿ. ಸೊಲ್ಲು ಕೇಳಿಸದಿದ್ದರೆ ಅವಳು ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಎಲ್ಲ ಆದಮೇಲೆ ಗುರುಗಳಿಗೆ ವಾಟ್ಸಾಪ್‌ನಲ್ಲಿ ಒಮ್ಮೆ ಕಳಿಸಿ, "ಹಾಕಬಹುದಾ ಮಿಸ್?" ಅಂತ ಕೇಳಿ. ಕೆಲವರಿಗೆ ತಾವು ಕೂಡಿಸಿದ ನೃತ್ಯವನ್ನು ಆನ್‌ಲೈನ್ ಹಾಕುವುದು ಇಷ್ಟವಿರುವುದಿಲ್ಲ. ಕೆಲವರು ಅರೆಮಂಡಿ ಸಾಲದು, ಬೇರೆ ಭಾಗ ಹಾಕು ಅಂತ ವಾಪಸ್ ಕಳಿಸುತ್ತಾರೆ. ನಮ್ಮ ಮಿಸ್ ಎರಡನೇ ಜಾತಿ.