ಒಂದೇ ಗೆರೆಯಲ್ಲಿ ಮೂರು ಉಬ್ಬು: ದೂರದ ಭೂಕಂಪದ ಹಾಳೆ ಓದುವುದು

ಪ್ರಶ್ನೆ: ಒಂದು ವೀಕ್ಷಣಾಲಯದಲ್ಲಿ ಚೌಕಟ್ಟು ಹಾಕಿಟ್ಟಿದ್ದ ಹಳೆಯ ಭೂಕಂಪಮಾಪಕದ ಹಾಳೆಯ ಫೋಟೋ ತೆಗೆದುಕೊಂಡೆ. ಎಲ್ಲೋ ದೂರದ ಭೂಕಂಪವಂತೆ. ಒಂದೇ ಗೆರೆಯಲ್ಲಿ ಮೂರು ಕಡೆ ಉಬ್ಬಿದೆ, ಕೊನೆಯದು ಎಲ್ಲಕ್ಕಿಂತ ದೊಡ್ಡದು. ಮೂರು ಭೂಕಂಪ ಆಗಿತ್ತಾ? ಈ ಗೆರೆ ನೋಡಿ ಏನೇನು ಹೇಳಬಹುದು?

ಗೆಳೆಯರೇ,

ಆಗಿದ್ದು ಒಂದೇ ಭೂಕಂಪ. ಅಲ್ಲಿಂದ ಒಟ್ಟಿಗೇ ಹೊರಟ ಮೂರು ಬಗೆಯ ಅಲೆಗಳು ಬೇರೆ ಬೇರೆ ಹೊತ್ತಿಗೆ ಬಂದು ತಲುಪಿವೆ. ಎಲ್ಲರ ಕಣ್ಣು ಮೊದಲು ಹೋಗುವುದು ಕೊನೆಯ ದೊಡ್ಡ ಉಬ್ಬಿನ ಮೇಲೆ. ಆದರೆ ಈ ಹಾಳೆಯಲ್ಲಿ ನಿಜಕ್ಕೂ ಬೆಲೆಬಾಳುವುದು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನ ಅಂತರ. ಅದನ್ನು ಅಳೆದರೆ ಭೂಕಂಪ ಎಷ್ಟು ದೂರದಲ್ಲಿ ಆಯಿತು ಎಂಬುದು ಸಿಗುತ್ತದೆ. ನಿಮ್ಮ ಫೋಟೋದಲ್ಲೇ ಅಳೆದು ತೋರಿಸುತ್ತೇನೆ.

ಮೊದಲು ಹಾಳೆ ಹೇಗೆ ತಯಾರಾಗಿದೆ ನೋಡಿ. ಇದು ಪೆನ್ನು ಗೀಚಿದ್ದಲ್ಲ, ಬೆಳಕು ಬರೆದದ್ದು. ಡ್ರಮ್ಮಿಗೆ ಫೋಟೋ ಕಾಗದ ಸುತ್ತಿ ಕತ್ತಲಲ್ಲಿ ಇಡುತ್ತಿದ್ದರು. ಉಪಕರಣದ ಪುಟ್ಟ ಕನ್ನಡಿಯಿಂದ ಬಂದ ಬೆಳಕಿನ ಚುಕ್ಕೆ ಅದರ ಮೇಲೆ ಬೀಳುತ್ತಿತ್ತು. ಡ್ರಮ್ ಗಂಟೆಗೊಂದು ಸುತ್ತು ಸುತ್ತುತ್ತಾ ನಿಧಾನಕ್ಕೆ ಪಕ್ಕಕ್ಕೂ ಸರಿಯುತ್ತದೆ. ಹಾಗಾಗಿ ನಿಮಗೆ ಹಲವು ಸಾಲುಗಳಂತೆ ಕಾಣುವುದು ಇಡೀ ದಿನದ ಒಂದೇ ಗೆರೆ. ಒಂದೊಂದು ಸಾಲೂ ಒಂದು ಗಂಟೆ. ಸಾಲಿನುದ್ದಕ್ಕೂ ಸಮ ಅಂತರದಲ್ಲಿ ಗೆರೆ ಚೂರೇ ಚೂರು ಪಕ್ಕಕ್ಕೆ ಜಿಗಿದಿದೆಯಲ್ಲ, ಅವು ನಿಮಿಷದ ಗುರುತುಗಳು. ಅಂಚಿನ ಚೀಟಿಯನ್ನು ಹಿಗ್ಗಿಸಿ ನೋಡಿದರೆ ಲಂಬ ಘಟಕ, ದೀರ್ಘಾವಧಿ, ವರ್ಧನೆ 750, ಗ್ರೀನ್‌ವಿಚ್ ವೇಳೆ ಎಂದು ಓದಲು ಬರುತ್ತದೆ. ಅಂದರೆ ಈ ಗೆರೆ ದಾಖಲಿಸಿರುವುದು ನೆಲದ ಮೇಲೆ-ಕೆಳಗಿನ ಚಲನೆಯನ್ನು ಮಾತ್ರ.

ಅಳೆಯುವಾಗ ಮಿಲಿಮೀಟರ್ ಲೆಕ್ಕ ಬೇಡ. ಮೂಲ ಹಾಳೆಯಲ್ಲಿ ನಿಮಿಷಕ್ಕೆ 15 ಮಿ.ಮೀ. ಇರುತ್ತದೆ, ಫೋಟೋದಲ್ಲಿ ಅದು ಎಷ್ಟಾದರೂ ಆಗಿರಬಹುದು. ಸಾಲದ್ದಕ್ಕೆ ನೀವು ಕೊಂಚ ಎಡಗಡೆ ನಿಂತು ತೆಗೆದಿದ್ದೀರಿ, ಬಲತುದಿಯ ನಿಮಿಷಗಳು ಎಡತುದಿಯವಕ್ಕಿಂತ ಕಿರಿದಾಗಿ ಬಿದ್ದಿವೆ. ಆದ್ದರಿಂದ ಉಬ್ಬು ಶುರುವಾದ ಜಾಗದ ಆಚೆ-ಈಚೆಯ ಎರಡು ನಿಮಿಷದ ಗುರುತುಗಳನ್ನು ಹಿಡಿದು, ಅವುಗಳ ನಡುವೆ ಅದು ಎಷ್ಟನೇ ಪಾಲಿನಲ್ಲಿದೆ ಎಂದು ನೋಡಬೇಕು. ಎಡಬಲ ಅದಲುಬದಲಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ, ಹಳೆಯ ಹಾಳೆಗಳ ಫಿಲ್ಮ್ ಪ್ರತಿಗಳಲ್ಲಿ ಇದು ಆಗುವುದುಂಟು. ಭೂಕಂಪ ಥಟ್ಟನೆ ಶುರುವಾಗಿ ನಿಧಾನಕ್ಕೆ ಆರುತ್ತದೆ. ಥಟ್ಟನೆ ಶುರುವಾದ ತುದಿ ಬಲಗಡೆ ಕಂಡರೆ ಚಿತ್ರ ತಿರುಗಿದೆ ಎಂದರ್ಥ. ನಿಮ್ಮದು ಸರಿಯಾಗಿಯೇ ಇದೆ.

ಈಗ 14 ಗಂಟೆಯ ಸಾಲಿಗೆ ಬನ್ನಿ. ಮೊದಲ ಹನ್ನೆರಡು ನಿಮಿಷ ಗೆರೆ ಪೂರ್ತಿ ನೇರವಾಗಿಲ್ಲ, ಆರೇಳು ಸೆಕೆಂಡಿಗೊಮ್ಮೆ ಸಣ್ಣಗೆ ನಡುಗುತ್ತಿದೆ. ಅದು ಕಡಲ ಅಲೆಗಳಿಂದಾಗಿ ಭೂಮಿಯಲ್ಲಿ ಸದಾ ಇರುವ ಮಿಡಿತ, ಭೂಕಂಪಕ್ಕೂ ಅದಕ್ಕೂ ಸಂಬಂಧವಿಲ್ಲ. 14:12:20ರ ಹೊತ್ತಿಗೆ ಈ ನಡುಕದ ಲಯ ಮುರಿದು ಗೆರೆ ಒಮ್ಮೆಲೇ ಮೇಲಕ್ಕೆ ಚಿಮ್ಮುತ್ತದೆ. ಅದೇ ಪಿ ಅಲೆ. ಬಂಡೆಯನ್ನು ಹಿಂಡುತ್ತಾ ಸಡಿಲಿಸುತ್ತಾ ಸಾಗುವ, ಎಲ್ಲಕ್ಕಿಂತ ವೇಗದ ಅಲೆ. ಆಮೇಲೆ ಗೆರೆ ಸ್ವಲ್ಪ ಸುಮ್ಮನಾಗಿ, 14:20:35ರ ಸುಮಾರಿಗೆ ಮತ್ತೆ ಉಬ್ಬುತ್ತದೆ. ಈ ಸಲ ಆಂದೋಲನಗಳು ಅಗಲ. ಇದು ಎಸ್ ಅಲೆ, ಬಂಡೆಯನ್ನು ಅಡ್ಡಡ್ಡ ಅಲುಗಿಸುತ್ತಾ ಸಾಗುವಂಥದ್ದು. ಲಂಬ ಘಟಕದಲ್ಲಿ ಎಸ್ ಅಷ್ಟು ಚೆನ್ನಾಗಿ ಮೂಡುವುದಿಲ್ಲ. ಅದೇ ದಿನದ ಅಡ್ಡ ಘಟಕದ ಹಾಳೆ ಸಿಕ್ಕಿದರೆ ಶುರುವಾದ ಜಾಗ ಇನ್ನೂ ಖಚಿತವಾಗುತ್ತದೆ.

ಎರಡರ ನಡುವಿನ ಅಂತರ 8 ನಿಮಿಷ 15 ಸೆಕೆಂಡು. ಬಹಳಷ್ಟು ಜನ ಎಡವುವುದು ಇಲ್ಲೇ. ಅಂತರದ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ ಎಂಬ ಸುಲಭ ಸೂತ್ರ ಎಲ್ಲ ಕಡೆ ಓಡಾಡುತ್ತದೆ. ಅದರ ಪ್ರಕಾರ ನಿಮ್ಮ ಭೂಕಂಪ ಸುಮಾರು 4,000 ಕಿ.ಮೀ. ದೂರದ್ದು. ಸೂತ್ರವೇನೋ ಸುಳ್ಳಲ್ಲ, ಆದರೆ ಅದು ಕೆಲವು ನೂರು ಕಿಲೋಮೀಟರಿನ ಒಳಗಿನ ಭೂಕಂಪಗಳಿಗೆ ಮಾತ್ರ. ದೂರದ ಭೂಕಂಪದ ಅಲೆಗಳು ಭೂಮಿಯ ಹೊದಿಕೆಯ ಆಳಕ್ಕೆ ಇಳಿದು, ಅಲ್ಲಿಂದ ಬಾಗಿ ಮೇಲೆ ಬರುತ್ತವೆ. ಆಳ ಹೆಚ್ಚಿದಂತೆ ಒತ್ತಡದಿಂದ ಬಂಡೆ ಇನ್ನಷ್ಟು ಬಿಗಿಯಾಗಿ ಎರಡೂ ಅಲೆಗಳ ವೇಗ ಏರುತ್ತದೆ. ಹೊದಿಕೆಯ ಮೇಲ್ಭಾಗದಲ್ಲಿ ಸೆಕೆಂಡಿಗೆ 8 ಕಿ.ಮೀ. ಓಡುವ ಪಿ ಅಲೆ ಹೊದಿಕೆಯ ತಳದ ಹತ್ತಿರ 13 ಕಿ.ಮೀ. ದಾಟುತ್ತದೆ. ಹಾಗಾಗಿ ದೂರ ಹೆಚ್ಚಿದಷ್ಟೂ ಅಂತರ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಇದಕ್ಕೆಂದೇ ಪ್ರಯಾಣಕಾಲದ ಕೋಷ್ಟಕಗಳಿವೆ. ಹಿಂದೆ ಜೆಫ್ರಿಸ್ ಮತ್ತು ಬುಲನ್ 1940ರಲ್ಲಿ ಪ್ರಕಟಿಸಿದ್ದನ್ನು ಬಳಸುತ್ತಿದ್ದರು, ಈಗ ಐಎಎಸ್‌ಪಿ91ರಂಥ ಮಾದರಿಗಳಿಂದ ಲೆಕ್ಕ ಹಾಕುತ್ತಾರೆ.

ಕೋಷ್ಟಕದಲ್ಲಿ 8 ನಿಮಿಷ ಕಾಲಿನ ಅಂತರ ಸುಮಾರು 60 ಡಿಗ್ರಿಯ ಎದುರು ಬರುತ್ತದೆ. ಭೂಮಿಯ ಕೇಂದ್ರದಿಂದ ಅಳೆದ ಕೋನ ಇದು. ಮೇಲ್ಮೈಯಲ್ಲಿ ಡಿಗ್ರಿಗೆ 111 ಕಿ.ಮೀ. ಲೆಕ್ಕದಲ್ಲಿ ಸುಮಾರು 6,700 ಕಿ.ಮೀ. ಸುಲಭ ಸೂತ್ರ ಕೊಟ್ಟ 4,000ಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಅದೇ ಕೋಷ್ಟಕದಲ್ಲಿ 60 ಡಿಗ್ರಿಗೆ ಪಿ ಅಲೆಯ ಪ್ರಯಾಣ ಹತ್ತು ನಿಮಿಷಕ್ಕೆ ಚೂರು ಹೆಚ್ಚು. ಬಂದ ಹೊತ್ತಿನಿಂದ ಅದನ್ನು ಕಳೆದರೆ ಭೂಕಂಪ ಆದದ್ದು 14:02ರ ಆಸುಪಾಸಿನಲ್ಲಿ. ಅಳತೆ ಎಷ್ಟು ಸೂಕ್ಷ್ಮವಾಗಿರಬೇಕು ಅಂದರೆ, ಈ ದೂರದಲ್ಲಿ ಅಂತರ ಒಂದು ಡಿಗ್ರಿಗೆ ಆರು ಸೆಕೆಂಡಿನಷ್ಟು ಮಾತ್ರ ಬದಲಾಗುತ್ತದೆ. ಫೋಟೋ ನೋಡುವಾಗ ಅರ್ಧ ನಿಮಿಷ ಆಚೀಚೆಯಾದರೆ ಭೂಕಂಪ ಐನೂರು ಕಿ.ಮೀ. ಜಾಗ ಬದಲಿಸುತ್ತದೆ!

ಮೂರನೇ ಉಬ್ಬು ಬೇರೆಯದೇ ಕಥೆ. ಅದು ಭೂಮಿಯ ಒಳಗಿನಿಂದ ಬಂದದ್ದಲ್ಲ, ಮೇಲ್ಪದರವನ್ನೇ ಹಿಡಿದು ಬಂದ ರೇಲಿ ಅಲೆ. ಲವ್ ಅಲೆ ಎಂಬ ಇನ್ನೊಂದು ಮೇಲ್ಮೈ ಅಲೆಯೂ ಇದೆ, ಆದರೆ ಅದು ನೆಲವನ್ನು ಅಡ್ಡಡ್ಡವೇ ಅಲುಗಿಸುವುದರಿಂದ ನಿಮ್ಮ ಲಂಬ ಹಾಳೆಯಲ್ಲಿ ಕಾಣಿಸದು. ರೇಲಿ ಅಲೆಯ ವೇಗ ಸೆಕೆಂಡಿಗೆ ಮೂರೂವರೆಯಿಂದ ನಾಲ್ಕು ಕಿ.ಮೀ. 6,700 ಕಿ.ಮೀ. ಸಾಗಲು ಅದಕ್ಕೆ ಇಪ್ಪತ್ತೆಂಟರಿಂದ ಮೂವತ್ತೆರಡು ನಿಮಿಷ ಬೇಕು. ನಿಮ್ಮ ಹಾಳೆಯಲ್ಲಿ ಆ ಉಬ್ಬು 14:30ಕ್ಕೆ ಎದ್ದು 14:34ರ ಹೊತ್ತಿಗೆ ತುದಿ ಮುಟ್ಟಿದೆ, ಲೆಕ್ಕ ಕೂಡುತ್ತದೆ. ಈ ತಾಳೆ ನೋಡುವುದನ್ನು ನಾನು ಎಂದೂ ಬಿಡುವುದಿಲ್ಲ. ಎರಡು ಬೇರೆ ಬೇರೆ ಭೂಕಂಪಗಳ ಗುರುತುಗಳನ್ನು ಒಂದರದ್ದೇ ಪಿ, ಎಸ್ ಎಂದು ಹಿಡಿದಿದ್ದರೆ ರೇಲಿ ಅಲೆ ಲೆಕ್ಕದ ಹೊತ್ತಿಗೆ ಬರುವುದೇ ಇಲ್ಲ.

ಆ ಉಬ್ಬನ್ನು ಹಿಗ್ಗಿಸಿ ನೋಡಿ. ಮೊದಲು ಬಂದ ಅಲೆಗಳು ಅಗಲ, ಒಂದಾದ ಮೇಲೆ ಇನ್ನೊಂದಕ್ಕೆ ಮುಕ್ಕಾಲು ನಿಮಿಷವೇ ಹಿಡಿದಿದೆ. ಬರಬರುತ್ತಾ ಒತ್ತೊತ್ತಾಗಿ, ದೊಡ್ಡದಾದ ಜಾಗದಲ್ಲಿ ಇಪ್ಪತ್ತು ಸೆಕೆಂಡಿಗೆ ಇಳಿದಿದೆ. ಉದ್ದನೆಯ ಅಲೆಗಳು ಹೆಚ್ಚು ಆಳದ ಬಂಡೆಯನ್ನೂ ಅಲುಗಿಸುತ್ತವೆ. ಆ ಆಳದಲ್ಲಿ ವೇಗ ಜಾಸ್ತಿ, ಅದಕ್ಕೇ ಅವು ಮುಂದೆ ಬಂದವು. ಹೊರಟಾಗ ಒಟ್ಟಿಗಿದ್ದವು ದಾರಿಯುದ್ದಕ್ಕೂ ಹೀಗೆ ಚದುರುತ್ತಾ ಹೋಗುತ್ತವೆ. ಗೆರೆ ನೋಡಿದ ಕೂಡಲೇ ಇದು ದೂರದ್ದು ಎಂದು ಹೇಳಲು ನನಗೆ ಈ ಹರಡುವಿಕೆಯೊಂದೇ ಸಾಕು. ಹತ್ತಿರದ ಭೂಕಂಪದಲ್ಲಿ ಎಲ್ಲವೂ ಒಂದೆರಡು ನಿಮಿಷದಲ್ಲಿ ಮುಗಿದಿರುತ್ತದೆ. ದೊಡ್ಡ ಉಬ್ಬಿನ ನಡುವೆ ಗೆರೆ ಅಲ್ಲಲ್ಲಿ ಮಾಸಿ, ತುದಿಗಳಷ್ಟೇ ಕಪ್ಪಾಗಿ ಉಳಿದಿವೆಯಲ್ಲ, ಅದು ಹಾಳೆ ಹಾಳಾದದ್ದಲ್ಲ. ಬೆಳಕಿನ ಚುಕ್ಕೆ ಅಲ್ಲಿ ಎಷ್ಟು ಜೋರಾಗಿ ಓಡಿದೆ ಅಂದರೆ ಕಾಗದ ಕಪ್ಪಾಗುವಷ್ಟು ಬೆಳಕೇ ಬಿದ್ದಿಲ್ಲ.

ಇಷ್ಟು ಎತ್ತರಕ್ಕೆ ಎದ್ದಿದೆಯಲ್ಲ, ಅಲ್ಲಿದ್ದವರಿಗೆ ಗೊತ್ತಾಗಿರಲಿಲ್ಲವೇ ಎಂದು ನಿಮಗೆ ಅನಿಸಬಹುದು. ನಿಮಿಷದ ಅಗಲವನ್ನು 15 ಮಿ.ಮೀ. ಎಂದು ಹಿಡಿದು ಹೋಲಿಸಿದರೆ, ನಡುಗೆರೆಯಿಂದ ತುದಿಯವರೆಗೆ ಹಾಳೆಯಲ್ಲಿ ಸುಮಾರು 30 ಮಿ.ಮೀ. ಇದೆ. ವರ್ಧನೆ 750 ಆದ್ದರಿಂದ ನೆಲ ನಿಜವಾಗಿ ಅಲುಗಿದ್ದು 0.04 ಮಿ.ಮೀ., ಅಂದರೆ 40 ಮೈಕ್ರೋಮೀಟರ್. ಅದೂ ಇಪ್ಪತ್ತು ಸೆಕೆಂಡಿಗೊಮ್ಮೆ ನಿಧಾನವಾಗಿ. ಯಾರಿಗೂ ತಿಳಿಯುವುದು ಸಾಧ್ಯವಿಲ್ಲ. ಆದರೆ ತೀವ್ರತೆಯ ಅಂದಾಜಿಗೆ ಇಷ್ಟು ಸಾಕು. ಮೇಲ್ಮೈ ಅಲೆಗಳಿಗೆ ಬಳಸುವ ಸೂತ್ರ ಇದು:

```
Ms = log10(A/T) + 1.66 log10(D) + 3.3
```

A ಎಂದರೆ ಮೈಕ್ರೋಮೀಟರಿನಲ್ಲಿ ನೆಲದ ಚಲನೆ, T ಅಲೆಯ ಅವಧಿ ಸೆಕೆಂಡಿನಲ್ಲಿ, D ಡಿಗ್ರಿಯಲ್ಲಿ ದೂರ. 40, 20, 60 ಹಾಕಿದರೆ ಸುಮಾರು 6.5 ಬರುತ್ತದೆ. ಒಂದೇ ಕೇಂದ್ರದ ಲೆಕ್ಕ ಆದ್ದರಿಂದ 0.2–0.3ರಷ್ಟು ಹೆಚ್ಚುಕಮ್ಮಿ ಇರಬಹುದು. ಭೂಕಂಪ ತುಂಬ ಆಳದಲ್ಲಿ ಆಗಿದ್ದರೆ ಈ ಸೂತ್ರ ನಡೆಯುವುದಿಲ್ಲ, ಆಗ ಮೇಲ್ಮೈ ಅಲೆಗಳೇ ಸರಿಯಾಗಿ ಹುಟ್ಟುವುದಿಲ್ಲ. ನಿಮ್ಮಲ್ಲಿ ಮೂರನೇ ಉಬ್ಬೇ ಎಲ್ಲಕ್ಕಿಂತ ದೊಡ್ಡದಾಗಿರುವುದರಿಂದ ಇದು ಮೇಲ್ಪದರದ್ದೇ ಭೂಕಂಪ ಎಂದು ಧೈರ್ಯವಾಗಿ ಹೇಳಬಹುದು.

ಮೂರು ಭೂಕಂಪವೇ ಎಂದು ಕೇಳಿದ್ದು ದಡ್ಡ ಪ್ರಶ್ನೆಯೇನಲ್ಲ. 1889ರ ಏಪ್ರಿಲಿನಲ್ಲಿ ಜಪಾನಿನಲ್ಲಾದ ಭೂಕಂಪವನ್ನು ಎರ್ನ್ಸ್ಟ್ ಫಾನ್ ರೆಬ್ಯೂರ್-ಪಾಶ್ವಿಟ್ಸ್ ಅವರ ಉಪಕರಣ ಜರ್ಮನಿಯ ಪಾಟ್ಸ್‌ಡ್ಯಾಮಿನಲ್ಲಿ ಹೀಗೇ ಫೋಟೋ ಕಾಗದದ ಮೇಲೆ ಹಿಡಿಯಿತು. ದೂರದ ಭೂಕಂಪವೆಂದು ಗುರುತಿಸಿದ ಮೊದಲ ಹಾಳೆ ಅದು. ಆದರೆ ಕಾಗದ ತೀರಾ ನಿಧಾನವಾಗಿ ಓಡುತ್ತಿದ್ದರಿಂದ ಅಲೆಗಳೆಲ್ಲ ಒಂದೇ ಗುಪ್ಪೆಯಾಗಿ ಬಿದ್ದಿದ್ದವು. 1897ರ ಅಸ್ಸಾಂ ಭೂಕಂಪ ಯುರೋಪಿನ ಉಪಕರಣಗಳಲ್ಲಿ ಮೂಡಿಸಿದ ಗುರುತುಗಳನ್ನು ಅಧ್ಯಯನ ಮಾಡಿ, ಇವು ಮೂರು ಬಗೆಯ ಅಲೆಗಳು ಎಂದು ಬಿಡಿಸಿ ತೋರಿಸಿದವರು ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್.

ಈ ಹಾಳೆಯೊಂದರಿಂದ ಸಿಗದಿರುವುದು ದಿಕ್ಕು. ವೀಕ್ಷಣಾಲಯವನ್ನು ಮಧ್ಯದಲ್ಲಿಟ್ಟು ಗ್ಲೋಬಿನ ಮೇಲೆ 60 ಡಿಗ್ರಿಯ ವೃತ್ತ ಎಳೆದರೆ, ಭೂಕಂಪ ಆ ವೃತ್ತದ ಮೇಲೆ ಎಲ್ಲಿ ಬೇಕಾದರೂ ಆಗಿರಬಹುದು. ಇನ್ನೆರಡು ಕೇಂದ್ರಗಳ ವೃತ್ತಗಳೂ ಇದ್ದರೆ ಮೂರೂ ಒಂದೇ ಕಡೆ ಸೇರುತ್ತವೆ. ನಿಮಗೆ ಅಷ್ಟು ಕಷ್ಟ ಬೇಕಿಲ್ಲ, ಚೀಟಿಯಲ್ಲಿ ದಿನಾಂಕ ಇದೆ. ಅಂತರರಾಷ್ಟ್ರೀಯ ಭೂಕಂಪ ಕೇಂದ್ರದ ಪಟ್ಟಿಯಲ್ಲಿ ಆ ದಿನ 14:00ರಿಂದ 14:05ರ ನಡುವೆ ಆದ, ತೀವ್ರತೆ 6ಕ್ಕೆ ಮೇಲ್ಪಟ್ಟ ಭೂಕಂಪಗಳನ್ನು ಹುಡುಕಿ. ವೇಳೆಯನ್ನು ಗ್ರೀನ್‌ವಿಚ್ ಲೆಕ್ಕದಲ್ಲೇ ಹಾಕಿ, ಸ್ಥಳೀಯ ವೇಳೆ ಹಾಕಿದರೆ ಏನೂ ಸಿಗುವುದಿಲ್ಲ. ಹೆಚ್ಚೆಂದರೆ ಒಂದೋ ಎರಡೋ ಬರುತ್ತವೆ; ವೀಕ್ಷಣಾಲಯದಿಂದ 6,700 ಕಿ.ಮೀ. ಸುಮಾರಿನಲ್ಲಿರುವುದು ನಿಮ್ಮದು. ಸಿಕ್ಕಿದ್ದರ ಆಳವನ್ನೂ ಇಲ್ಲಿ ಬರೆಯಿರಿ, 70 ಕಿ.ಮೀ.ಗಿಂತ ಹೆಚ್ಚಿದ್ದರೆ ಮೇಲಿನ ಲೆಕ್ಕವನ್ನು ಬೇರೆ ಕೋಷ್ಟಕ ಹಿಡಿದು ಮತ್ತೆ ಮಾಡಬೇಕಾಗುತ್ತದೆ.